ಮನೆಯಿಂದ ಕೆಲಸ: ಊರಿಂದ ಬಂದುಹೋಗುವ ನಮ್ಮ ಲೆಕ್ಕದವರಿಗೊಂದು ಪತ್ರ

ಬಸವಾಪಟ್ಟಣ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ದಿನಾ ದಾವಣಗೆರೆಗೆ ಬಂದುಹೋಗುವ ನಮ್ಮ ಲೆಕ್ಕಪತ್ರ ಕಚೇರಿಯ ಸಹೋದ್ಯೋಗಿಗಳಿಗೆ,



ಬರುವ ತಿಂಗಳ 1ನೇ ತಾರೀಖಿನಿಂದ ನಿಮ್ಮಲ್ಲಿ ಕೆಲವರು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡಬಹುದು. ಎಲ್ಲರಿಗೂ ಯಾಕಿಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರವಾಗಿಯೇ ಈ ಪತ್ರ ಸ್ವಲ್ಪ ಉದ್ದವಾಗಿದೆ. ನೋಟಿಸ್ ಬೋರ್ಡಿನ ನಾಲ್ಕು ಸಾಲು ಓದಿ ನಿರ್ಧಾರಕ್ಕೆ ಬರುವ ಮೊದಲು ಇದನ್ನು ಪೂರ್ತಿ ಓದಿ.

ಬೆಂಗಳೂರಿನಲ್ಲಿ ಈ ಮಾತು ಹಳೆಯದು. 2021ರ ಆಗಸ್ಟ್‌ನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕಾಮಗಾರಿ ಹಿಡಿದಾಗ, ಆ ರಸ್ತೆಯ ಐಟಿ ಕಂಪನಿಗಳು 2022ರ ಡಿಸೆಂಬರ್‌ವರೆಗೂ ಮನೆಯಿಂದಲೇ ಕೆಲಸ ಮುಂದುವರಿಸಲಿ ಎಂದು ಸರ್ಕಾರವೇ ಪತ್ರ ಬರೆದಿತ್ತು. ನಮ್ಮಲ್ಲಿ ಮೆಟ್ರೊ ಇಲ್ಲ, ಬಸ್ಸು ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಹತ್ತುವ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿಯಿತು, ನಿಂತು ಬರುವ ಹೊತ್ತು ಉಳಿಯಲಿಲ್ಲ. ಖಾಸಗಿ ಬಸ್ಸನ್ನೇ ನಂಬಿದವರಿಗೆ ಎರಡೂ ಉಳಿಯಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಕುರ್ಚಿಗೆ ಬರುವಷ್ಟರಲ್ಲಿ ದಣಿದಿರುವವರ ಕೈಯಲ್ಲಿ ಇನ್‌ವಾಯ್ಸ್ ಎಂಟ್ರಿ ಮಾಡಿಸಿದರೆ ತಪ್ಪು ಆಗುತ್ತದೆ, ಅದರ ನಷ್ಟ ಗ್ರಾಹಕರಿಗೆ. ಈ ನಿಯಮ ತರಲು ಕಾರಣ ಇಷ್ಟೇ. ಇದು ಬಹುಮಾನವೂ ಅಲ್ಲ, ಉಪಕಾರವೂ ಅಲ್ಲ. ಹಾಗೆಯೇ ಇದು ಕಾನೂನಿನ ಹಕ್ಕೂ ಅಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಹೆರಿಗೆ ರಜೆ ಮುಗಿದ ಮೇಲೆ ಮನೆಯಿಂದ ಕೆಲಸದ ಮಾತು ಎತ್ತಿತು. ಅದೂ ಕೆಲಸದ ಸ್ವರೂಪ ಒಪ್ಪಿದರೆ, ಇಬ್ಬರೂ ಸೇರಿ ಷರತ್ತು ಮಾಡಿಕೊಂಡರೆ. ನಮ್ಮಲ್ಲಿ ಹೆರಿಗೆ ರಜೆಯಿಂದ ಮರಳುವವರ ಅರ್ಜಿಯನ್ನು ಮೊದಲು ನೋಡುತ್ತೇವೆ.

ಇನ್ನು ಯಾರಿಗೆ ಅರ್ಹತೆ ಎಂಬ ವಿಷಯ. ಹುದ್ದೆ ನೋಡಿ, ವಯಸ್ಸು ನೋಡಿ, ಎಷ್ಟು ವರ್ಷದಿಂದ ಇದ್ದೀರಿ ಎಂದು ನೋಡಿ ಆರಿಸಿಲ್ಲ. ಪ್ರೊಬೇಷನ್‌ನ ಆರು ತಿಂಗಳು ಮುಗಿದಿರಬೇಕು ಎಂಬುದೊಂದೇ ಅಂಥ ಷರತ್ತು. ಉಳಿದದ್ದು ನೀವು ಮಾಡುವ ಕೆಲಸಕ್ಕೆ ಬಿಟ್ಟಿದ್ದು. ನಿಮ್ಮ ಕೆಲಸಕ್ಕೆ ಗ್ರಾಹಕರ ಯಾವ ಕೀಲಿ ಬೇಕು, ಆ ಕೀಲಿ ಕಚೇರಿಯ ಹೊರಗೆ ಹೋಗಬಹುದೇ ಎಂದಷ್ಟೇ ಕೇಳಿಕೊಂಡೆವು. ನಮ್ಮ ಕಸುಬಿನಲ್ಲಿ ಅಂಥ ಕೀಲಿಗಳು ಮೂರು: ಕಾಗದ, ಓಟಿಪಿ, ಡಿಜಿಟಲ್ ಸಹಿಯ ಟೋಕನ್.

ಕಾಗದದ್ದು ಸುಲಭ. ಅಡಿಕೆ ಮಂಡಿಯವರ ಚೀಟಿ, ಬಟ್ಟೆ ಅಂಗಡಿಯ ಖರೀದಿ ಬಿಲ್ಲು, ಬ್ಯಾಂಕ್ ಚಲನ್ ಯಾವುದೂ ಚೀಲ ಸೇರಿ ಬಸ್ಸು ಹತ್ತಬಾರದು. ಕಚೇರಿಗೆ ಬಂದ ದಿನವೇ ಸ್ಕ್ಯಾನ್ ಆಗಬೇಕು, ಮನೆಯಲ್ಲಿ ಕೂತವರು ಸ್ಕ್ಯಾನ್ ನೋಡಿ ಎಂಟ್ರಿ ಹಾಕಬೇಕು. ಸ್ಕ್ಯಾನ್ ಮಾಡುವ ಇಬ್ಬರಿಗೆ ಹಾಗಾಗಿ ಮನೆಯಿಂದ ಕೆಲಸ ಸಿಗುವುದಿಲ್ಲ. ಅವರಿಗೆ ಬೇಸರವಾಗುತ್ತದೆ ಎಂದು ಗೊತ್ತು. ಆರು ತಿಂಗಳಿಗೊಮ್ಮೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

ಟೋಕನ್ ವಿಷಯದಲ್ಲಿ ನಮ್ಮ ಊರಿನ ರೂಢಿಯೇ ಸರಿಯಿಲ್ಲ. ಕಂಪನಿ ಮತ್ತು ಎಲ್‌ಎಲ್‌ಪಿಗಳ ಜಿಎಸ್‌ಟಿ ರಿಟರ್ನ್‌ಗೆ ಡಿಜಿಟಲ್ ಸಹಿ ಬೇಕು. ಮಾಲೀಕರು ಆ ಪುಟ್ಟ ಯುಎಸ್‌ಬಿ ಟೋಕನ್ನನ್ನೂ ಅದರ ಪಿನ್ನನ್ನೂ ಲೆಕ್ಕದವರ ಕೈಗೆ ಕೊಟ್ಟು ಮರೆತುಬಿಡುತ್ತಾರೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಪ್ರಕಾರ ಸಹಿಯ ಖಾಸಗಿ ಕೀಲಿ ಬೇರೆಯವರ ವಶಕ್ಕೆ ಹೋಗದಂತೆ ಕಾಯುವ ಹೊಣೆ ಸಹಿದಾರರದ್ದು. ಡ್ರಾಯರ್‌ನಲ್ಲಿದ್ದರೂ ತಪ್ಪೇ, ಬಸವಾಪಟ್ಟಣದ ಮನೆಯ ಷೋಕೇಸಿನಲ್ಲಿದ್ದರೆ ಇನ್ನೂ ತಪ್ಪು. ಈ ತಿಂಗಳ ಕೊನೆಯೊಳಗೆ ಎಲ್ಲ ಟೋಕನ್‌ಗಳನ್ನೂ ಮಾಲೀಕರಿಗೆ ಮರಳಿಸುತ್ತೇವೆ. ಸಹಿ ಹಾಕುವ ದಿನ ಅವರು ಕಚೇರಿಗೆ ಬರಬೇಕು, ಇಲ್ಲವೇ ನಮ್ಮವರೊಬ್ಬರು ಅವರ ಅಂಗಡಿಗೆ ಹೋಗಬೇಕು. ಕಂಪನಿ ಗ್ರಾಹಕರ ರಿಟರ್ನ್ ಸಲ್ಲಿಸುವ ಗುಂಪಿಗೆ ಆದ್ದರಿಂದ ಮನೆಯ ದಿನಗಳು ಕಡಿಮೆ, ವಾರಕ್ಕೆ ಒಂದು ಮಾತ್ರ.

ಓಟಿಪಿ ಸ್ವಲ್ಪ ಸಿಕ್ಕಿನ ವಿಷಯ. ಒಬ್ಬರೇ ನಡೆಸುವ ಅಂಗಡಿ ಮತ್ತು ಪಾಲುದಾರಿಕೆ ವ್ಯಾಪಾರದವರು ಟೋಕನ್ ಇಲ್ಲದೆ ಓಟಿಪಿಯಿಂದಲೇ ರಿಟರ್ನ್ ಸಲ್ಲಿಸಬಹುದು. ಅದು ಅವರ ಮೊಬೈಲಿಗೆ ಹೋಗುತ್ತದೆ. ಕಚೇರಿಯಲ್ಲಾದರೆ ಎದುರು ಕೂತಿರುವ ಗ್ರಾಹಕರೇ ನೋಡಿ ಹೇಳುತ್ತಾರೆ. ಮನೆಯಿಂದ ಫೋನ್ ಮಾಡಿ "ಓಟಿಪಿ ಬಂತಾ ಅಣ್ಣಾ, ಹೇಳಿ" ಎಂದು ನೀವು ಕೇಳಿದರೆ, ನಾಳೆ ಮೋಸಗಾರನೊಬ್ಬ ನಿಮ್ಮ ಹೆಸರು ಹೇಳಿ ಅದೇ ಮಾತು ಕೇಳಿದಾಗ ಆ ಅಣ್ಣ ಅನುಮಾನಿಸುವುದಿಲ್ಲ. ಆದ್ದರಿಂದ ಮನೆಯಿಂದ ಯಾರೂ ಗ್ರಾಹಕರಿಗೆ ಓಟಿಪಿ ಕೇಳಿ ಕರೆ ಮಾಡಬಾರದು. ಮನೆಯಲ್ಲಿ ರಿಟರ್ನ್ ಸಿದ್ಧಮಾಡಿ, ಪರಿಶೀಲಿಸಿ, ಉಳಿಸಿಡಿ. ಸಲ್ಲಿಸುವುದು ಕಚೇರಿಯ ನಂಬರಿನಿಂದ, ಗ್ರಾಹಕರಿಗೆ ಗುರುತಿರುವ ದನಿಯಿಂದ ಮಾತ್ರ.

ಇ-ವೇ ಬಿಲ್ಲಿಗೆ ಈ ತೊಡಕಿಲ್ಲ. 2025ರ ಏಪ್ರಿಲ್ 1ರಿಂದ ಆ ಪೋರ್ಟಲ್‌ನಲ್ಲಿ ಪಾಸ್‌ವರ್ಡಿನ ಜೊತೆಗೆ ಓಟಿಪಿಯೂ ಎಲ್ಲರಿಗೂ ಕಡ್ಡಾಯವಾದಾಗ ಮಂಡಿಯವರೆಲ್ಲ ಬೈದರು. ಆದರೆ ಅಲ್ಲಿ ಪ್ರತಿ ವ್ಯಾಪಾರಿಯೂ ತನ್ನ ಖಾತೆಯ ಅಡಿ ಉಪ-ಬಳಕೆದಾರರನ್ನು ಸೇರಿಸಬಹುದು, ಅವರ ಓಟಿಪಿ ಅವರವರ ಮೊಬೈಲಿಗೇ ಬರುತ್ತದೆ. ನಾವು ಕೊಡುವ ಸಿಮ್ಮಿನ ನಂಬರಿಗೆ ನಿಮ್ಮನ್ನು ಸೇರಿಸಿಕೊಟ್ಟರೆ ನೀವು ಬಸವಾಪಟ್ಟಣದಲ್ಲಿ ಕೂತು ಚನ್ನಗಿರಿಯ ಲಾರಿಗೆ ಬಿಲ್ಲು ತೆಗೆಯಬಹುದು, ಮಾಲೀಕರ ಪಾಸ್‌ವರ್ಡು ನಿಮಗೆ ಬೇಕಾಗುವುದೇ ಇಲ್ಲ. ಇ-ವೇ ಬಿಲ್ ಮೇಜಿನವರಿಗೆ ಮನೆಯಿಂದ ಕೆಲಸ ಪೂರ್ತಿ ಮೂರು ದಿನ ಸಿಗುವುದು ಇದರಿಂದ. ಕೆಲಸ ಬಿಡುವಾಗ ಸಿಮ್ ಮರಳಿಸಬೇಕು, ಅದೇ ದಿನ ಉಪ-ಬಳಕೆದಾರರ ಹೆಸರು ತೆಗೆಸುವುದು ಆಡಳಿತ ವಿಭಾಗದ ಜವಾಬ್ದಾರಿ.

ಮನೆಯಲ್ಲಿ ಕೂರಲು ಆಗದ ದಿನಗಳೂ ಇವೆ. ಪ್ರತಿ ತಿಂಗಳ 9, 10, 11 ಮತ್ತು 18, 19, 20 ಎಲ್ಲರೂ ಕಚೇರಿಯಲ್ಲೇ ಇರಬೇಕು. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಹೊಸದಾಗಿ ಸೇರಿದವರಿಗಾಗಿ ಒಂದು ಮಾತು. 11 ತಪ್ಪಿದರೆ ಹೋಗುವುದು ದಿನಕ್ಕೆ 50 ರೂಪಾಯಿಯ ತಡಶುಲ್ಕವಷ್ಟೇ ಅಲ್ಲ. 14ನೇ ತಾರೀಖು ಖರೀದಿದಾರರ 2ಬಿ ಪಟ್ಟಿ ತಯಾರಾಗುವಾಗ ನಮ್ಮ ಗ್ರಾಹಕರ ಬಿಲ್ಲು ಅದರಲ್ಲಿ ಇರುವುದಿಲ್ಲ, ಅವರಿಂದ ಕೊಂಡವರಿಗೆ ಆ ತಿಂಗಳ ತೆರಿಗೆ ಜಮೆ ಸಿಗುವುದಿಲ್ಲ, ಮುಂದಿನ ತಿಂಗಳು ಅವರು ಬೇರೆ ಮಂಡಿಗೆ ಹೋಗುತ್ತಾರೆ. ಊರಲ್ಲಿ ಒಂದು ಟಿಸಿ ಸುಟ್ಟಿತೆಂದು ಯಾರದೋ ವ್ಯಾಪಾರ ಹೋಗುವುದು ಬೇಡ.

ಟಿಸಿ ಎಂದದ್ದಕ್ಕೆ ಕರೆಂಟಿನ ವಿಚಾರ ಬಂತು. ಅರ್ಜಿಯ ಎರಡನೇ ಪುಟ ಪೂರ್ತಿ ಅದರದ್ದೇ, ಅದಕ್ಕೂ ಕಾರಣವಿದೆ. ಬಸವಾಪಟ್ಟಣದವರೇ ಆದ ನಮ್ಮ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಇದನ್ನು ಮೊದಲು ಪರೀಕ್ಷಿಸಿ ನೋಡಿದೆವು. ಅವರಿಗೆ ಊರೊಳಗೆ ಒಂದು ಮನೆ, ತೋಟದಲ್ಲಿ ಒಂದು ಮನೆ. ಈಗ ಇರುವುದು ತೋಟದ ಮನೆಯಲ್ಲಿ. ಊರೊಳಗಿನ ಮನೆಗೆ ನಿರಂತರ ಜ್ಯೋತಿಯಲ್ಲಿ ಬೇರ್ಪಡಿಸಿದ ಫೀಡರ್, ತಂತಿ ಹರಿಯುವ ದಿನ ಬಿಟ್ಟರೆ ಕರೆಂಟು ಇರುತ್ತದೆ. ತೋಟದ ಮನೆ ಇರುವುದು ಪಂಪ್‌ಸೆಟ್ಟಿನ ಫೀಡರ್ ಮೇಲೆ. ಅಲ್ಲಿ ತ್ರೀ ಫೇಸ್ ದಿನಕ್ಕೆ 7 ತಾಸು, ಅದೂ ಪಾಳಿಯ ಮೇಲೆ. ಉಳಿದ ಹೊತ್ತು ಸಿಂಗಲ್ ಫೇಸ್ ಬಂದರೆ ಬಂತು. ಅವರ ಅರ್ಜಿಯಲ್ಲಿ "ಮನೆಯಲ್ಲಿ ಇನ್‌ವರ್ಟರ್ ಇದೆ" ಎಂದು ಬರೆದಿತ್ತು. ಅದು ನಿಜ. 150 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇರುತ್ತದೆ, ಬಳಕೆಗೆ ಸಿಗುವುದು ಹೆಚ್ಚುಕಮ್ಮಿ ಸಾವಿರ. ಲ್ಯಾಪ್‌ಟಾಪ್, ರೂಟರ್, ಒಂದು ಫ್ಯಾನು ಸೇರಿ 140 ವ್ಯಾಟ್ ಎಂದುಕೊಂಡರೆ ಹೊಸ ಬ್ಯಾಟರಿ ಏಳು ತಾಸು ಎಳೆಯುತ್ತದೆ. ಎರಡು ಮೂರು ಮಳೆಗಾಲ ಕಂಡ ಬ್ಯಾಟರಿ ಅದರ ಅರ್ಧ ಎಳೆದರೆ ಹೆಚ್ಚು.

ಆದರೆ ಅವರಿಗೆ ಕೈಕೊಟ್ಟದ್ದು ಬ್ಯಾಟರಿ ಅಲ್ಲ. ಮನೆಯಲ್ಲಿ ದೀಪ ಉರಿಯುತ್ತಿದ್ದರೂ ನೆಟ್ ಹೋಗುತ್ತಿತ್ತು. ರೂಟರಿನ ಎಲ್‌ಓಎಸ್ ದೀಪ ಕೆಂಪಾದರೆ ಫೈಬರ್ ತಂತಿ ಎಲ್ಲೋ ತುಂಡಾಗಿದೆ ಅಥವಾ ಆ ತುದಿಯಲ್ಲಿ ಕೇಬಲ್‌ನವರ ಪೆಟ್ಟಿಗೆಗೆ ಕರೆಂಟಿಲ್ಲ ಎಂದು ಅರ್ಥ. ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ಸ್ವಲ್ಪ ಹೊತ್ತು ನಡೆದು ಅದೂ ನಿಧಾನವಾಗುತ್ತಿತ್ತು. ಟವರಿನ ಬ್ಯಾಟರಿಗೂ ಒಂದು ಮಿತಿ ಇದೆ, ಅಷ್ಟು ಹೊತ್ತಿಗೆ ಊರಿನವರೆಲ್ಲ ಅದೇ ಟವರಿನ ಮೇಲೆ ಬಿದ್ದಿರುತ್ತಾರೆ. ಆದ್ದರಿಂದ ಅರ್ಜಿ ಹಾಕುವ ಮೊದಲು ನೀವೇ ಪರೀಕ್ಷೆ ಮಾಡಿ. ಊರಿಗೇ ಕರೆಂಟು ಹೋದ ಹೊತ್ತಿನಲ್ಲಿ, ಮನೆಯ ಮೇನ್ ಸ್ವಿಚ್ ಮಾತ್ರ ಆರಿಸಿ ಅಲ್ಲ, ಎರಡು ತಾಸು ಕಚೇರಿಯ ಸರ್ವರ್‌ಗೆ ಸಂಪರ್ಕ ಇಟ್ಟು ಕೆಲಸ ಮಾಡಿ ನೋಡಿ. ಬರೀ ಮೇನ್ ಆರಿಸಿ ನೋಡಿದರೆ ನಿಮ್ಮ ಇನ್‌ವರ್ಟರ್ ಪರೀಕ್ಷೆ ಆಗುತ್ತದೆ, ಕೇಬಲ್‌ನವರದ್ದು ಆಗುವುದಿಲ್ಲ.

ಕೊನೆಗೆ ಆ ಸಹೋದ್ಯೋಗಿ ಊರೊಳಗಿನ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡರು. ಅದು ಸಾಧ್ಯವಾಗದೆ ತೋಟದ ಮನೆಯಲ್ಲೇ ಇರುವವರಿಗೆ ಹೊತ್ತು ಹೊಂದಿಸಿಕೊಡುತ್ತೇವೆ. ಮಧ್ಯಾಹ್ನ ಕರೆಂಟು ಇಲ್ಲದ ಪಾಳಿ ಬಂದರೆ ಬೆಳಿಗ್ಗೆ ಏಳೂವರೆಯಿಂದ ಹನ್ನೆರಡು, ಮತ್ತೆ ಸಂಜೆ ನಾಲ್ಕರಿಂದ ಏಳೂವರೆ. ಒಟ್ಟು ಎಂಟು ತಾಸಿನ ಕೆಲಸ. ಏಳೂವರೆಯಿಂದ ಆಚೆ ಹೋಗಲು ನಾವು ಬಿಡುವುದಿಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961 ನಮಗೂ ಅನ್ವಯ. ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂಬ ಮಿತಿ ಎಲ್ಲರಿಗೂ ಗೊತ್ತು. ಒಮ್ಮೆಗೆ ಐದು ತಾಸಿಗಿಂತ ಹೆಚ್ಚು ಎಳೆಯುವಂತಿಲ್ಲ, ನಡುವೆ ಒಂದು ತಾಸು ವಿರಾಮ ಇರಬೇಕು, ಕೆಲಸ ಶುರುವಾದಲ್ಲಿಂದ ಮುಗಿಯುವವರೆಗೆ ವಿರಾಮವೂ ಸೇರಿ 12 ತಾಸು ಮೀರಬಾರದು ಎಂಬ ಮಾತು ಹಲವರು ಮರೆತದ್ದು. ಕೆಲಸವನ್ನು ಎರಡು ತುಂಡು ಮಾಡಿದಾಗ ಮೊದಲು ಮುರಿಯುವುದು ಈ 12 ತಾಸಿನ ನಿಯಮವೇ. ಏಳೂವರೆಯಿಂದ ಏಳೂವರೆಗೆ ಲೆಕ್ಕ ಹಾಕಿ, ಸರಿಯಾಗಿ ಹನ್ನೆರಡು. ಮನೆಯಲ್ಲಿ ಕೂತರೂ ಹೆಚ್ಚುವರಿ ತಾಸಿಗೆ ದುಪ್ಪಟ್ಟು ಕೂಲಿ ಉಂಟು, ಆದರೆ ಅದಕ್ಕೆ ಮೊದಲೇ ಒಪ್ಪಿಗೆ ಪಡೆದಿರಬೇಕು.

ಇ-ವೇ ಬಿಲ್ಲಿನ ಸಂಜೆ ಪಾಳಿ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಗಿ ರಾತ್ರಿ ಎಂಟಕ್ಕೆ ಮುಗಿಯುತ್ತದೆ. ಲಾರಿ ತುಂಬುವುದು ರಾತ್ರಿ ಹತ್ತಕ್ಕೆ ಎಂದು ಮಂಡಿಯವರು ಹೇಳುತ್ತಾರೆ, ಅದು ಸುಳ್ಳಲ್ಲ. ಎಂಟರ ನಂತರ ಬಿಲ್ಲು ಬೇಕಾದವರು ತಮ್ಮ ಮೊಬೈಲಿನಲ್ಲಿ ತಾವೇ ತೆಗೆಯಬೇಕು ಎಂದು ಅವರಿಗೆ ತಿಳಿಸಿದ್ದೇವೆ. ಸರಕಿನ ವಿವರದ ಎ ಭಾಗವನ್ನು ಸಂಜೆಯೇ ತುಂಬಿಟ್ಟರೆ ಲಾರಿ ನಂಬರಿನ ಬಿ ಭಾಗ ಹಾಕುವುದು ಎರಡು ನಿಮಿಷದ ಕೆಲಸ. ಅದಕ್ಕಾಗಿ ನಿಮಗೆ ಕರೆ ಬಂದರೆ ಎತ್ತಬೇಕಾಗಿಲ್ಲ. ಮರುದಿನ ಆಡಳಿತ ವಿಭಾಗಕ್ಕೆ ತಿಳಿಸಿದರೆ ಸಾಕು, ನಾವು ಮಾತಾಡುತ್ತೇವೆ.

ಟ್ಯಾಲಿಯ ಡೇಟಾ ಕಚೇರಿಯ ಸರ್ವರ್‌ನಲ್ಲೇ ಇರುತ್ತದೆ, ನೀವು ವಿಪಿಎನ್ ಮೂಲಕ ಅದರೊಳಗೆ ಬಂದು ಕೆಲಸ ಮಾಡುತ್ತೀರಿ. ನಿಮ್ಮ ಮನೆಯ ಕರೆಂಟು ಹೋದರೂ ಸರ್ವರ್‌ನಲ್ಲಿ ನಿಮ್ಮ ಕೆಲಸ ನಿಂತಲ್ಲೇ ನಿಂತಿರುತ್ತದೆ, ಮತ್ತೆ ಬಂದಾಗ ಅಲ್ಲಿಂದಲೇ ಮುಂದುವರಿಸಬಹುದು. ಪೆನ್‌ಡ್ರೈವಿನಲ್ಲಿ ನಕಲು ಒಯ್ಯುವುದು ಮಾತ್ರ ಬೇಡ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಿದ್ದಾಗ ಎಷ್ಟೋ ಕಚೇರಿಗಳಲ್ಲಿ ಹೀಗೆ ಒಂದೇ ಗ್ರಾಹಕರ ಪುಸ್ತಕ ಎರಡು ಮನೆಗೆ ಹೋಯಿತು. ಇಬ್ಬರೂ ಅದೇ ವೋಚರ್ ನಂಬರಿನಿಂದ ಮುಂದೆ ಬರೆದರು. ಆಮೇಲೆ ಎರಡನ್ನೂ ಸೇರಿಸಿದಾಗ ಒಂದೇ ನಂಬರಿಗೆ ಎರಡೆರಡು ವೋಚರ್, ನಗದು ಪುಸ್ತಕದಲ್ಲಿ ಕೈಯಲ್ಲಿರುವ ಹಣ ಮೈನಸ್. ಪ್ರತಿಯೊಂದನ್ನು ಬೇರೆ ಬೇರೆ ನೋಡಿದರೆ ಲೆಕ್ಕ ಸರಿ, ಕೂಡಿಸಿದರೆ ತಪ್ಪು. ಇಂಥದ್ದನ್ನು ಬಿಡಿಸಲು ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕು.

ಲ್ಯಾಪ್‌ಟಾಪ್ ಕಚೇರಿಯದು. ಪಕ್ಕದ ಮನೆಯ ಹುಡುಗನ ವಿದ್ಯಾರ್ಥಿವೇತನದ ಅರ್ಜಿ, ಸೇವಾ ಸಿಂಧುವಿನಲ್ಲಿ ಅತ್ತೆಯ ಕಾಗದ, ಯಾರದೋ ರೇಷನ್ ಕಾರ್ಡಿನ ತಿದ್ದುಪಡಿ, ಇವೆಲ್ಲ ನಿಮ್ಮ ಮನೆಗೆ ಬಂದೇ ಬರುತ್ತವೆ, ಕಂಪ್ಯೂಟರ್ ಗೊತ್ತಿರುವವರ ಮನೆ ಊರಿಗೆಲ್ಲ ಗೊತ್ತಿರುತ್ತದೆ. ಮಾಡಿಕೊಡಿ, ನಿಮ್ಮ ಸ್ವಂತ ಫೋನಿನಲ್ಲಿ. ಪೆನ್‌ಡ್ರೈವ್ ತಂದು "ಇದೊಂದು ಪ್ರಿಂಟ್" ಎನ್ನುವವರಿಗೆ ಮಾತ್ರ ಇಲ್ಲ ಎನ್ನಿ, ಕಚೇರಿಯವರು ಯುಎಸ್‌ಬಿ ಮುಚ್ಚಿದ್ದಾರೆ ಎನ್ನಿ. ನಿಜವಾಗಿಯೂ ಮುಚ್ಚಿದ್ದೇವೆ. ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದ ನೆಟ್ ಚೆನ್ನಾಗಿದೆ ಎಂದು ಕೆಲವರು ಹೇಳಿದ್ದೀರಿ. ಓದಲು ಹೋಗಿ, ಗ್ರಾಹಕರ ಪುಸ್ತಕ ಅಲ್ಲಿ ತೆರೆಯಬೇಡಿ.

ಅಡಿಕೆ ಕೊಯ್ಲಿನ ಕಾಲದ ಮಾತು ಹೇಳದೆ ಬಿಟ್ಟರೆ ನೀವೇ ನಗುತ್ತೀರಿ. ಮನೆಯಲ್ಲಿದ್ದಾರೆ ಎಂದರೆ ಕೊನೆ ಇಳಿಸುವವರ ಲೆಕ್ಕ ಬರೆಯಲೂ, ಸುಲಿಯುವ ಯಂತ್ರದ ಹತ್ತಿರ ನಿಲ್ಲಲೂ ಕರೆಯುತ್ತಾರೆ. ಆ ದಿನಗಳಲ್ಲಿ ರಜೆ ಹಾಕಿ, ಅರ್ಧ ದಿನದ ರಜೆಗೂ ಅವಕಾಶವಿದೆ. ಕೆಲಸದ ಹೊತ್ತಿನಲ್ಲಿ ಎರಡೂ ನಡೆಸಲು ಹೋಗಬೇಡಿ. ನೀವು ಎಷ್ಟು ಹೊತ್ತು ಮೌಸ್ ಆಡಿಸಿದಿರಿ ಎಂದು ನೋಡುವ ಸಾಫ್ಟ್‌ವೇರ್ ನಾವು ಹಾಕುವುದಿಲ್ಲ, ಕ್ಯಾಮೆರಾ ಸದಾ ಹಚ್ಚಿಡಿ ಎನ್ನುವುದೂ ಇಲ್ಲ. ದಿನದ ಕೊನೆಗೆ ಎಷ್ಟು ಬಿಲ್ಲು ಪೂರ್ತಿಯಾಯಿತು, ಎಷ್ಟಕ್ಕೆ ಪ್ರಶ್ನೆ ಉಳಿದಿದೆ ಎಂದು ಒಂದು ಸಂದೇಶ ಸಾಕು. ಸತತ ಎರಡು ತಿಂಗಳು ಪರಿಶೀಲನೆಯಲ್ಲಿ ತಪ್ಪು ಹೆಚ್ಚಾದರೆ ಮೊದಲು ಕೂತು ಮಾತಾಡುತ್ತೇವೆ, ಆಮೇಲೂ ಸರಿಹೋಗದಿದ್ದರೆ ಕಚೇರಿಗೆ ಕರೆಸಿಕೊಳ್ಳುತ್ತೇವೆ. ಸಂಬಳದಲ್ಲಿ ಕಡಿತವಿಲ್ಲ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಮನೆಯ ದಿನಗಳಿಗೆ ಪ್ರಯಾಣ ಭತ್ಯೆ ಇಲ್ಲ, ಬದಲಿಗೆ ಇಂಟರ್‌ನೆಟ್ ಬಿಲ್ಲನ್ನು ರಸೀದಿ ಕೊಟ್ಟರೆ ಕಚೇರಿ ಭರಿಸುತ್ತದೆ. ದಾವಣಗೆರೆಯ ರೂಮು ಬಿಟ್ಟು ಊರಿನ ಸ್ವಂತ ಮನೆಗೆ ಹೋಗುವವರು ಗಮನಿಸಿ: ಬಾಡಿಗೆ ಕಟ್ಟದ ತಿಂಗಳಿಗೆ ಮನೆ ಬಾಡಿಗೆ ಭತ್ಯೆಯ ಮೇಲೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅಪ್ಪನಿಗೆ ಬಾಡಿಗೆ ಕೊಟ್ಟೆ ಎಂದು ಬರೆಯುವುದಾದರೆ ನಿಜವಾಗಿ ಬ್ಯಾಂಕಿನ ಮೂಲಕ ಕೊಡಿ, ಅದು ಅವರ ಆದಾಯವೂ ಆಗುತ್ತದೆ. ಲೆಕ್ಕದವರಿಗೆ ಇದನ್ನು ಹೇಳುವುದು ಮುಜುಗರ, ಆದರೂ ಹೇಳಿದ್ದೇನೆ.

ಕಿರುಕುಳದ ವಿರುದ್ಧದ 2013ರ ಕಾಯ್ದೆ ಮನೆಯ ದಿನಗಳಲ್ಲೂ ನಮ್ಮ ಕಚೇರಿಗೆ ಅನ್ವಯ. ರಾತ್ರಿ ಬರುವ ಬೇಡದ ಸಂದೇಶ, ವಿಡಿಯೊ ಕರೆಯಲ್ಲಿ ಆಡಿದ ಮಾತು ಕೂಡ ನಮ್ಮ ಆಂತರಿಕ ಸಮಿತಿ ವಿಚಾರಿಸುವ ವಿಷಯವೇ. ದೂರನ್ನು ಮೂರು ತಿಂಗಳೊಳಗೆ ಬರೆದು ಕೊಡಬೇಕು, ಸಂದೇಶಗಳನ್ನು ಅಳಿಸಬೇಡಿ.

ಅರ್ಜಿ ನಮೂನೆ ಕನ್ನಡದಲ್ಲಿದೆ, ಆಡಳಿತ ವಿಭಾಗದ ಮೇಜಿನಲ್ಲಿ ಸಿಗುತ್ತದೆ. ಪ್ರಶ್ನೆಗಳಿದ್ದರೆ ನಿಮ್ಮ ಸಂಬಳದ ಚೀಟಿಯ ಕೆಳಗೆ ಅಚ್ಚಾಗಿರುವ ಆಡಳಿತ ವಿಭಾಗದ ನಂಬರಿಗೆ ಸೋಮವಾರದಿಂದ ಶುಕ್ರವಾರದವರೆಗೆ ಹನ್ನೊಂದರಿಂದ ಒಂದು ಗಂಟೆಯ ನಡುವೆ ಕರೆ ಮಾಡಿ, ಆ ಹೊತ್ತಿನಲ್ಲಿ ಫೋನ್ ಎತ್ತುವುದು ನಾನೇ. ಅರ್ಜಿ ತಿರಸ್ಕಾರವಾದರೆ ಕಾರಣ ಬರೆದು ಕೊಡುತ್ತೇವೆ, ಒಪ್ಪದಿದ್ದರೆ ಹದಿನೈದು ದಿನದೊಳಗೆ ಮೇಲ್ಮನವಿ ಪಾಲುದಾರರಿಗೆ ನೇರವಾಗಿ ಹಾಕಬಹುದು. ಕರೆಂಟಿನ ದೂರಿಗೆ ನನಗೆ ಫೋನ್ ಮಾಡಬೇಡಿ, ಬೆಸ್ಕಾಂನ 1912ಕ್ಕೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಯಾರಾದರೂ ಓಟಿಪಿ ಕದ್ದು ಹಣ ಎಳೆದರೆ ಒಂದು ನಿಮಿಷವೂ ಕಾಯದೆ 1930ಕ್ಕೆ, ಆಮೇಲೆ ನನಗೆ.

ಈ ತಿಂಗಳ 25ರೊಳಗೆ ಅರ್ಜಿ ಕೊಡಿ. ಎರಡನೇ ಪುಟ ತುಂಬುವ ಮೊದಲು ಒಮ್ಮೆ ಊರಿಗೆ ಕರೆಂಟು ಹೋಗುವುದನ್ನು ಕಾಯಿರಿ.

ಇಂತಿ,
ಆಡಳಿತ ವಿಭಾಗದ ಮುಖ್ಯಸ್ಥ,
ದಾವಣಗೆರೆ